ನೂರಕ್ಕೆ 5 ಬಡ್ಡಿ, ವರ್ಷಕ್ಕೆ ನಿಜವಾಗಿ ಎಷ್ಟು?

"ತಿಂಗಳಿಗೆ ನೂರಕ್ಕೆ 5 ಅಂದ್ರೆ ವರ್ಷಕ್ಕೆ 60 ಅಲ್ವಾ? 10,000 ಸಾಲಕ್ಕೆ ವರ್ಷದ ಕೊನೆಗೆ 17,959 ಕೇಳ್ತಿದ್ದಾರೆ. ನಡುವೆ ಏನೂ ಕಟ್ಟಿಲ್ಲ."

ಕಟ್ಟದ ಬಡ್ಡಿಯನ್ನು ಪ್ರತಿ ತಿಂಗಳೂ ಅಸಲಿಗೆ ಸೇರಿಸಿದ್ದಾರೆ. ಇದು ಚಕ್ರಬಡ್ಡಿ. ಮೊದಲ ತಿಂಗಳ ಬಡ್ಡಿ 500 ಸೇರಿ ಅಸಲು 10,500 ಆಯಿತು. ಎರಡನೇ ತಿಂಗಳು ಅದರ ಮೇಲೆ 525. ಹೀಗೇ ಹನ್ನೆರಡು ತಿಂಗಳು ಬೆಳೆದರೆ ವರ್ಷದ ದರ ಸುಮಾರು 79.6%.

ಮೊದಲು ಅವರ ಲೆಕ್ಕದ ಪುಸ್ತಕದಲ್ಲಿ ಎರಡನೇ ತಿಂಗಳ ಬಡ್ಡಿ ನೋಡಿ. 525 ಇದ್ದರೆ, ಹಾಗೆ ಸೇರಿಸಲು ಕರಾರು ಪತ್ರದಲ್ಲಿ ಒಪ್ಪಿದ್ದೀರಾ ಅಂತ ಓದಿ. ಒಪ್ಪಿಲ್ಲದಿದ್ದರೆ ಸರಳ ಬಡ್ಡಿಯ ಲೆಕ್ಕ 16,000. ಉಳಿದ 1,959 ಯಾಕೆ ಅಂತ ಬರವಣಿಗೆಯಲ್ಲೇ ಕೇಳಿ.

ಇನ್ನೊಂದು ವಿಷಯ. ಮೊದಲ ತಿಂಗಳ ಬಡ್ಡಿ ಮುಂಚೆಯೇ ಹಿಡಿದುಕೊಂಡು ಕೈಗೆ 9,500 ಕೊಟ್ಟಿದ್ದರೆ, ಈಗ ಅದೇ ತಿಂಗಳಿಗೆ ಎರಡು ಸಲ ಬಡ್ಡಿ ಹಾಕಿದಂತಾಗುತ್ತದೆ. ಅದನ್ನೂ ಕಳೆಯಲು ಹೇಳಿ.