ಮಾತ್ರೆ ಮುಗಿದದ್ದು ಯಾರಿಗೆ ಗೊತ್ತಾಗಬೇಕು?

'ಅಪ್ಪ ಹೋದಾಗ ನನಗೆ 22. ತಂಗಿಯ ಮದುವೆ, ತಮ್ಮನ ಓದು ಎಲ್ಲ ನನ್ನ ಸಂಬಳದಲ್ಲೇ ಆಯಿತು. ಅಮ್ಮನಿಗೆ ಸಕ್ಕರೆ ಕಾಯಿಲೆ, ನನ್ನ ಜೊತೆಗೇ ಇದ್ದಾರೆ. ಈಗ ತಮ್ಮ ಸಾಲಕ್ಕೆ ಜಾಮೀನು ಹಾಕು ಅಂತಿದ್ದಾನೆ. ಇಲ್ಲ ಅನ್ನೋಕೆ ಬಾಯಿ ಬರಲ್ಲ. ಆದರೆ ಅವನ ಫೋನ್ ಬಂದರೆ ಮೈ ಉರಿಯುತ್ತೆ. ನಾನು ಕೆಟ್ಟವಳಾ?'
— ಓದುಗರೊಬ್ಬರು, ಹಾಸನ

ಅಲ್ಲಮ್ಮ. ಮೊದಲು ಜಾಮೀನಿನ ಮಾತು ಮುಗಿಸೋಣ, ಅದಕ್ಕೆ ಅವಸರವಿದೆ.

'ಸುಮ್ನೆ ಒಂದು ಸಹಿ' ಅಂತ ತಮ್ಮ ಹೇಳಿರಬಹುದು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲ ಪಡೆದವನಿಗೆ ಎಷ್ಟು ಹೊಣೆಯೋ ಜಾಮೀನು ನಿಂತವರಿಗೂ ಅಷ್ಟೇ. ಮೊದಲು ಅವನಿಂದ ವಸೂಲಿ ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ ಅಂತ ಬ್ಯಾಂಕಿಗೆ ಹೇಳುವ ಹಾಗಿಲ್ಲ. ಆ ಸಾಲವನ್ನು ನೀವೇ ತೀರಿಸಲು ತಯಾರಿಲ್ಲದಿದ್ದರೆ ಸಹಿ ಹಾಕಬೇಡಿ. 'ನನ್ನ ಕೈಲಿ ಆಗಲ್ಲ ಕಣೋ' ಅಂದರೆ ಸಾಕು. ಕಾರಣ ಕೊಡಬೇಡಿ. ಕೊಟ್ಟರೆ ಅದಕ್ಕೊಂದು ದಾರಿ ಹುಡುಕಿಕೊಂಡು ಮತ್ತೆ ಬರುತ್ತಾನೆ.

ಇನ್ನು ಮೈ ಉರಿ. ನಾನು ಮನೆಗೆ ಕಿರಿಯವನು, ಹಾಗಾಗಿ ಆ ಕಡೆಯ ಸಾಕ್ಷಿ ಹೇಳುತ್ತೇನೆ. ಒಮ್ಮೆ ಅಣ್ಣ ಟೈಫಾಯ್ಡ್ ಬಂದು ಮಲಗಿದಾಗ ಅಮ್ಮನ ಮಾತ್ರೆ ತರಲು ಹೊರಟೆ. ಯಾವ ಮಾತ್ರೆ ಗೊತ್ತಿಲ್ಲ. ಡಾಕ್ಟರ ಚೀಟಿ ಎಲ್ಲಿದೆ ಗೊತ್ತಿಲ್ಲ. ಅಮ್ಮನನ್ನು ಕೇಳಿದರೆ 'ಬಿಳೀದು, ನಿಮ್ಮಣ್ಣಂಗೆ ಗೊತ್ತು' ಅಂದರು. ಅಲ್ಲಿಯವರೆಗೆ ನಾನೂ ಅಣ್ಣನಿಗೆ ಹೆಗಲು ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಅವನು ಹೇಳಿದಾಗಲೆಲ್ಲ ತಂದುಕೊಡುತ್ತಿದ್ದೆ, ಅಲ್ವಾ!

ತಂದುಕೊಡುವುದು ಸಣ್ಣ ಕೆಲಸ. ಮುಗಿಯಿತಾ ಅಂತ ನೋಡುವುದು, ನೆನಪಿಡುವುದು, ಅದೇ ಜೀವ ತಿನ್ನುವುದು. ದೊಡ್ಡವರು ಓಡಾಟವನ್ನಷ್ಟೇ ಹಂಚಿ, ನೆನಪನ್ನು ತಮ್ಮ ತಲೆಯಲ್ಲೇ ಇಟ್ಟುಕೊಳ್ಳುತ್ತಾರೆ. ಹಾಗಾಗಿ ತಂಗಿಗೆ 'ಈ ಸಲ ಮಾತ್ರೆ ತಂದುಕೊಡೇ' ಅನ್ನಬೇಡಿ. ಅಮ್ಮನ ಸಕ್ಕರೆಯ ಪೂರ್ತಿ ಕಾರುಬಾರು ಕೊಡಿ. ಚೀಟಿ, ಹಳೇ ರಿಪೋರ್ಟಿನ ಫೈಲು, ಡಾಕ್ಟರ ನಂಬರು, ಮೂರೋ ಆರೋ ತಿಂಗಳಿಗೊಮ್ಮೆ ಬರುವ ಎಚ್‌ಬಿಎ1ಸಿ ರಕ್ತಪರೀಕ್ಷೆ, ಎಲ್ಲ. ಖರ್ಚು ತಮ್ಮನದು. ಹೆತ್ತವರನ್ನು ನೋಡಿಕೊಳ್ಳುವ 2007ರ ಕಾಯ್ದೆಯಲ್ಲಿ ಮಗ, ಮಗಳು ಅಂತಿದೆಯೇ ಹೊರತು 'ಹಿರಿಯ ಮಗ', 'ಹಿರಿಯ ಮಗಳು' ಅನ್ನುವ ಮಾತೇ ಇಲ್ಲ. ಮದುವೆಗೆ, ಓದಿಗೆ ಹಾಕಿದ ಹಳೇ ದುಡ್ಡಿನ ಲೆಕ್ಕ ಮಾತ್ರ ಈಗ ತೆಗೆಯಬೇಡಿ. ತೆಗೆದರೆ ಜಗಳ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಮೊದಲ ತಿಂಗಳು ತಂಗಿ ಮರೆಯುವುದು ಹೆಚ್ಚುಕಡಿಮೆ ಖಂಡಿತ. ಸ್ಟ್ರಿಪ್‌ನಲ್ಲಿ ನಾಲ್ಕೇ ಮಾತ್ರೆ ಕಂಡಾಗ ನಿಮ್ಮ ಕಾಲು ತಾನೇ ಮೆಡಿಕಲ್ ಶಾಪಿನ ಕಡೆ ತಿರುಗುತ್ತದೆ. ಹೋದರೆ ಕೆಲಸ ವಾಪಸ್ ನಿಮ್ಮದೇ. ಅದಕ್ಕೇ ಒಪ್ಪಿಸುವ ಮೊದಲು ಹತ್ತು ದಿನದ ಮಾತ್ರೆ ಬೀರುವಿನಲ್ಲಿ ಎತ್ತಿಡಿ, ಯಾರಿಗೂ ಹೇಳಬೇಡಿ. ಅಮ್ಮನಿಗೆ ಒಂದು ಹೊತ್ತೂ ತಪ್ಪಬಾರದು.

ಕಷ್ಟ ಬರುವುದು ಅಮ್ಮನಿಂದ. 'ಪಾಪ, ಅವಳಿಗ್ಯಾಕೆ ತೊಂದರೆ, ನೀನೇ ತಂದುಬಿಡು' ಅನ್ನುತ್ತಾರೆ. ವಾದಕ್ಕೆ ಇಳಿಯಬೇಡಿ. ತಂಗಿಯ ನಂಬರ್ ಒತ್ತಿ, ಫೋನನ್ನು ಅಮ್ಮನ ಕೈಗೇ ಕೊಡಿ.

— ಸಂಪಾದಕ