ಆಪರೇಷನ್ ಬದಲು ಮೊದಲು ರೇಡಿಯೇಷನ್ ಏಕೆ?

"ತಂದೆಗೆ ಗುದನಾಳದ ಕ್ಯಾನ್ಸರ್. ದಾವಣಗೆರೆಯ ಸರ್ಜನ್ ಆಪರೇಷನ್ ಎಂದಿದ್ದರು. ಬೇರೆ ಬೇರೆ ವಿಭಾಗಗಳ ಕ್ಯಾನ್ಸರ್ ವೈದ್ಯರ ಟ್ಯೂಮರ್ ಬೋರ್ಡ್ ಸೇರಿದ ಮೇಲೆ ಮೊದಲು ರೇಡಿಯೇಷನ್ ಎನ್ನುತ್ತಿದ್ದಾರೆ. ಯಾರನ್ನು ನಂಬಲಿ?"

ಸರ್ಜನ್ ಮಾತು ತಪ್ಪಿದ್ದಾರೆ ಎಂದು ದಯವಿಟ್ಟು ಭಾವಿಸಬೇಡಿ. ಬಹುಶಃ ಎಂಆರ್‌ಐ ಚಿತ್ರವೇ ತೀರ್ಮಾನವನ್ನು ಬದಲಿಸಿರಬೇಕು.

ಗುದನಾಳದ ಸುತ್ತ ಕೊಬ್ಬು, ಅದರ ಹೊರಗೆ ತೆಳುವಾದ ಪದರವಿರುತ್ತದೆ. ಸರ್ಜನ್ ಆ ಪದರದ ಗುಂಟವೇ ಬಿಡಿಸಿಕೊಂಡು ಬರಬೇಕು. ಬೋರ್ಡ್ ಸಭೆಯಲ್ಲಿ ರೇಡಿಯಾಲಜಿಸ್ಟ್ ಪರದೆಯ ಮೇಲೆ ಗಡ್ಡೆಗೂ ಪದರಕ್ಕೂ ಇರುವ ಅಂತರವನ್ನು ಅಳೆದು ತೋರಿಸುತ್ತಾರೆ. ಅದು 1 ಮಿಲಿಮೀಟರ್ ಅಥವಾ ಕಡಿಮೆ ಇದ್ದರೆ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದು ಅದೇ ಜಾಗದಲ್ಲಿ ಮರುಕಳಿಸುವ ಭಯವಿದೆ. ಆಗ "ಮೊದಲು ಕುಗ್ಗಿಸಿ ಕೊಡಿ" ಎಂದು ಸರ್ಜನ್ ತಾವೇ ಕೇಳುತ್ತಾರೆ. ಸಾಮಾನ್ಯವಾಗಿ ಸುಮಾರು 5 ವಾರ ರೇಡಿಯೇಷನ್, ಜೊತೆಗೆ ಕ್ಯಾಪೆಸಿಟಾಬಿನ್ ಎಂಬ ಕೀಮೋ ಮಾತ್ರೆ. ಕೆಲವು ವಾರಗಳ ಬಳಿಕ ಮತ್ತೆ ಎಂಆರ್‌ಐ ಮಾಡಿಸಿ ಆಪರೇಷನ್ ನಿರ್ಧರಿಸುತ್ತಾರೆ.

ಪೆಥಾಲಜಿಸ್ಟ್ ಮಾತೂ ದಾರಿ ಬದಲಿಸಬಲ್ಲದು. ಬಯಾಪ್ಸಿಯಲ್ಲಿ ಡಿಎನ್ಎ ತಪ್ಪುಗಳನ್ನು ಸರಿಪಡಿಸುವ ಎಂಎಂಆರ್ ಪ್ರೋಟೀನ್‌ಗಳು ಕಾಣದಿದ್ದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಮ್ಯುನೋಥೆರಪಿಯ ಯೋಚನೆ ಬರುತ್ತದೆ. ಈ ಪರೀಕ್ಷೆ ಆಗಿದೆಯೇ ಎಂದು ಕೇಳಿ, ಇದು ಮುಖ್ಯ.

ಬರೀ ರಿಪೋರ್ಟ್ ಒಯ್ದರೆ ಸಾಲದು. ಎಂಆರ್‌ಐ ಸಿಡಿ, ಬಯಾಪ್ಸಿ ಸ್ಲೈಡು ಮತ್ತು ಬಯಾಪ್ಸಿ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೊಡಿ. ಇಲ್ಲದಿದ್ದರೆ ತೀರ್ಮಾನ ಮುಂದಕ್ಕೆ ಹೋಗುತ್ತದೆ. ಬೋರ್ಡ್ ನೋಡುವುದು ಹೆಚ್ಚಾಗಿ ಕಡತವನ್ನು, ತಂದೆಯವರನ್ನಲ್ಲ. ಅವರ ಹೃದಯ, ಕಿಡ್ನಿಯ ತೊಂದರೆಗಳನ್ನು ಮೊದಲೇ ಬರೆಸಿ. ಕಿಡ್ನಿ ದುರ್ಬಲವಾಗಿದ್ದರೆ ಕ್ಯಾಪೆಸಿಟಾಬಿನ್ ಮಾತ್ರೆಯ ಪ್ರಮಾಣವನ್ನು ಇಳಿಸಬೇಕಾಗುತ್ತದೆ, ಕೆಲವೊಮ್ಮೆ ಕೊಡಲೇ ಬಾರದು.