ಸಾಲದ ಅರ್ಜಿಯ ತಿಂಗಳ ಲೆಕ್ಕದಲ್ಲಿ ಮನೆಖರ್ಚಿನ ಜಾಗ

ಮನೆಯಲ್ಲೇ ಅಡುಗೆ ಮಾಡಿ ಮಾರುತ್ತೇನೆ. ಬ್ಯಾಂಕಿಗೆ ಕೊಡುವ ಆದಾಯ-ವೆಚ್ಚದ ಪಟ್ಟಿಯಲ್ಲಿ ಮನೆಖರ್ಚನ್ನೂ ಸೇರಿಸಬೇಕೇ?

ಸೇರಿಸಬೇಕು, ಆದರೆ ವ್ಯಾಪಾರದ ವೆಚ್ಚದೊಳಗಲ್ಲ. ಲಾಭ ತೋರಿಸಿದ ಮೇಲೆ ಪ್ರತ್ಯೇಕ ಸಾಲಿನಲ್ಲಿ. ವ್ಯಾಪಾರ ಎಷ್ಟು ಗಳಿಸುತ್ತದೆ, ಸಂಸಾರ ನಡೆದ ಮೇಲೆ ಕಂತಿಗೆ ಎಷ್ಟು ಉಳಿಯುತ್ತದೆ ಎಂಬ ಎರಡನ್ನೂ ಬ್ಯಾಂಕ್ ಬೇರೆಬೇರೆಯಾಗಿ ನೋಡುತ್ತದೆ.

ಉದಾಹರಣೆಗೆ, ತಿಂಗಳ ಮಾರಾಟ 40,000 ಇದ್ದು, ಸಾಮಗ್ರಿಗೆ 18,000, ಪ್ಯಾಕಿಂಗ್ ಮತ್ತು ಸಾಗಾಟಕ್ಕೆ 4,000, ಇಂಧನಕ್ಕೆ 2,000 ಹೋದರೆ ಲಾಭ 16,000. ಅದರಲ್ಲಿ ಮನೆಗೆ 11,000 ಬಳಸಿದರೆ ಕಂತಿಗೆ ಸಿಗುವುದು 5,000 ಮಾತ್ರ.

ತೊಡಕಿರುವುದು ಒಂದೇ ಒಲೆಯಲ್ಲಿ: ಮನೆಗೂ ಮಾರಾಟಕ್ಕೂ ಸೇರಿ ಉರಿದ ಗ್ಯಾಸನ್ನು ಪೂರ್ತಿ ವ್ಯಾಪಾರಕ್ಕೆ ಬರೆಯದೆ, ಅಡುಗೆಯ ಗಂಟೆಗಳ ಅನುಪಾತದಲ್ಲಿ ಹಂಚಿ, ಹಂಚಿದ ಬಗೆಯನ್ನು ಪಟ್ಟಿಯ ಕೆಳಗೆ ಒಂದು ವಾಕ್ಯದಲ್ಲಿ ತಿಳಿಸಿ. ನಗದು ಮಾರಾಟವನ್ನೂ ಆಗಾಗ ಖಾತೆಗೆ ಜಮಾ ಮಾಡಿ. ಪಾಸ್‌ಬುಕ್ಕಿನಲ್ಲಿ ಕಾಣದ ಮಾರಾಟವನ್ನು ಅಧಿಕಾರಿ ಸುಲಭವಾಗಿ ಒಪ್ಪುವುದಿಲ್ಲ.